ಟ್ರಿಟಿಯಂ ಮತ್ತು ಕಾರ್ಬನ್-14 ಎಣಿಕೆ: ಕ್ವೆಂಚ್ ತಿದ್ದುಪಡಿಗೆ ಯಾವ ವಿಧಾನ, ಯಾವಾಗ?

ಒಂದೇ ಸೀಸೆಯ ಟ್ರಿಟಿಯಂ ನೀರನ್ನು ಎರಡು ವಯಲ್‌ಗಳಿಗೆ ಸಮನಾಗಿ ಹಾಕಿ, ಬೀಟಾ ಕಣ ಬಡಿದರೆ ಮಿಂಚುವ ಕಾಕ್‌ಟೇಲ್ ಎಂಬ ದ್ರವವನ್ನು ಎರಡಕ್ಕೂ ಅಷ್ಟಷ್ಟೇ ಸುರಿಯಿರಿ. ಎರಡನೆಯದಕ್ಕೆ ಮಾತ್ರ ಒಂದೆರಡು ಹನಿ ನೈಟ್ರೋಮೀಥೇನ್ ಬೆರೆಸಿ, ಎರಡನ್ನೂ ಆ ಮಿಂಚುಗಳನ್ನು ಎಣಿಸುವ ದ್ರವ ಸಿಂಟಿಲೇಶನ್ ಕೌಂಟರಿನಲ್ಲಿಡಿ. ಎರಡರಲ್ಲೂ ಪ್ರತಿ ನಿಮಿಷ ಒಡೆಯುವ ಪರಮಾಣುಗಳು ಅಷ್ಟೇ. ಆದರೂ ಎರಡನೆಯದರ ಎಣಿಕೆ ಮೊದಲನೆಯದರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಯಂತ್ರ ಕೆಟ್ಟಿಲ್ಲ. ನೈಟ್ರೋಮೀಥೇನ್ ಬೆಳಕನ್ನು ತಗ್ಗಿಸಿದೆ, ಇದನ್ನೇ ಕ್ವೆಂಚಿಂಗ್ ಎನ್ನುವುದು. ಅದು ತಾನು ಕಂಡ ಮಿಂಚುಗಳನ್ನು ಎಣಿಸಿದೆ, ಅಂದರೆ ಸಿಪಿಎಂ ಕೊಟ್ಟಿದೆ. ನಮಗೆ ಬೇಕಾದದ್ದು ವಿಘಟನೆಗಳ ಸಂಖ್ಯೆ, ಅಂದರೆ ಡಿಪಿಎಂ. ಸಿಪಿಎಂ ಅನ್ನು ಡಿಪಿಎಂನಿಂದ ಭಾಗಿಸಿದರೆ ಬರುವುದೇ ಎಣಿಕೆಯ ದಕ್ಷತೆ. ಆ ದಕ್ಷತೆಯನ್ನು ಕಂಡುಹಿಡಿಯಲು ನಾಲ್ಕು ದಾರಿಗಳು ಬಳಕೆಯಲ್ಲಿವೆ, ಮತ್ತು ಪ್ರತಿಯೊಂದಕ್ಕೂ ಅದರದೇ ಒಂದು ಕುರುಡುತನವಿದೆ. ನಿಮ್ಮ ಮಾದರಿಗೆ ಯಾವ ಕುರುಡುತನ ಅಡ್ಡಿಯಾಗುವುದಿಲ್ಲ ಎಂದು ನೋಡಿ ಆಯ್ದುಕೊಳ್ಳಬೇಕು.

ಕ್ವೆಂಚಿಂಗ್ ಟ್ರಿಟಿಯಂ ಅನ್ನೇ ಏಕೆ ಹೆಚ್ಚು ಕಾಡುತ್ತದೆ

ಬೀಟಾ ಕಣ ತನ್ನ ಶಕ್ತಿಯನ್ನು ಮೊದಲು ದ್ರಾವಕಕ್ಕೆ ಕೊಡುತ್ತದೆ. ದ್ರಾವಕ ಅದನ್ನು ಫ್ಲೋರ್ ಅಣುವಿಗೆ ದಾಟಿಸುತ್ತದೆ, ಫ್ಲೋರ್ ಅಣು ಬೆಳಕು ಬಿಡುತ್ತದೆ, ಆ ಬೆಳಕು ವಯಲ್‌ನ ಗೋಡೆ ದಾಟಿ ಫೋಟೋಮಲ್ಟಿಪ್ಲೈಯರ್ ಕೊಳವೆಯನ್ನು ಮುಟ್ಟುತ್ತದೆ. ದ್ರಾವಕದಿಂದ ಫ್ಲೋರ್‌ಗೆ ಶಕ್ತಿ ದಾಟುವಾಗ ನಡುವೆ ನುಗ್ಗಿ ಕಸಿಯುವುದು ರಾಸಾಯನಿಕ ಕ್ವೆಂಚಿಂಗ್. ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್, ಅಸಿಟೋನ್, ಕರಗಿರುವ ಆಮ್ಲಜನಕ, ಅಷ್ಟೇಕೆ ನೀರು ಕೂಡ ಈ ಕೆಲಸ ಮಾಡುತ್ತವೆ. ಹುಟ್ಟಿದ ಬೆಳಕನ್ನು ಹೊರಗೆ ಬರುವ ಮೊದಲೇ ಹೀರಿಕೊಳ್ಳುವುದು ಬಣ್ಣದ ಕ್ವೆಂಚಿಂಗ್. ಫ್ಲೋರ್‌ಗಳ ಬೆಳಕು ನೇರಳೆ-ನೀಲಿ ಬಣ್ಣದ್ದು. ಹಾಗಾಗಿ ಹಳದಿ, ಕೆಂಪು, ಕಂದು ಮಾದರಿಗಳು ಹೆಚ್ಚು ನುಂಗುತ್ತವೆ, ನೀಲಿ ಮಾದರಿ ಕಡಿಮೆ ನುಂಗುತ್ತದೆ.

ಟ್ರಿಟಿಯಂನ ಬೀಟಾ ಕಣದ ಗರಿಷ್ಠ ಶಕ್ತಿ 18.6 ಕೆಇವಿ, ಸರಾಸರಿ 5.7. ಕಾರ್ಬನ್-14ರದ್ದು ಗರಿಷ್ಠ 156, ಸರಾಸರಿ ಸುಮಾರು 49. ಕೌಂಟರಿನಲ್ಲಿ ಎದುರುಬದುರು ಎರಡು ಕೊಳವೆಗಳಿವೆ. ಎರಡೂ ಒಟ್ಟಿಗೆ ಮಿಂಚು ಕಂಡರೆ ಮಾತ್ರ ಅದು ಎಣಿಕೆಗೆ ಸೇರುತ್ತದೆ. ಇಲ್ಲೊಂದು ಸಣ್ಣ ಲೆಕ್ಕ ಮಾಡಿದರೆ ವಿಷಯ ತಿಳಿಯಾಗುತ್ತದೆ. ಒಂದು ವಿಘಟನೆಯಿಂದ ಪ್ರತಿ ಕೊಳವೆಗೆ ಸರಾಸರಿ ಒಂದೇ ಫೋಟೋಎಲೆಕ್ಟ್ರಾನ್ ಸಿಗುತ್ತದೆ ಎನ್ನಿ. ಒಂದು ಕೊಳವೆ ಏನನ್ನಾದರೂ ಕಾಣುವ ಸಾಧ್ಯತೆ 63%. ಎರಡೂ ಕಾಣುವ ಸಾಧ್ಯತೆ 40%. ಕ್ವೆಂಚಿಂಗ್‌ನಿಂದ ಬೆಳಕು ಅರ್ಧವಾದರೆ ಆ 40% ಇಳಿದು 15%ರ ಹತ್ತಿರ ಬರುತ್ತದೆ. ಬೆಳಕು ಅರ್ಧ ಕಳೆದುಕೊಂಡಿತು, ಎಣಿಕೆ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು. ಈಗ ಪ್ರತಿ ಕೊಳವೆಗೆ ಹತ್ತು ಫೋಟೋಎಲೆಕ್ಟ್ರಾನ್ ಸಿಗುವ ವಿಘಟನೆಯನ್ನು ತೆಗೆದುಕೊಳ್ಳಿ. ಬೆಳಕು ಅರ್ಧವಾಗಿ ಐದಕ್ಕೆ ಇಳಿದರೂ ಎರಡೂ ಕೊಳವೆ ಕಾಣುವ ಸಾಧ್ಯತೆ ಇನ್ನೂ 98%ಕ್ಕಿಂತ ಹೆಚ್ಚು. ಮೊದಲನೆಯದು ಟ್ರಿಟಿಯಂನ ಪಾಡು, ಎರಡನೆಯದು ಕಾರ್ಬನ್-14ರದ್ದು. ಕ್ವೆಂಚ್ ಇಲ್ಲದ ವಯಲ್‌ನಲ್ಲಿ ಟ್ರಿಟಿಯಂಗೆ ಸುಮಾರು 60%, ಕಾರ್ಬನ್-14ಕ್ಕೆ ಸುಮಾರು 95% ದಕ್ಷತೆ ಸಿಗುತ್ತದೆ. ಕ್ವೆಂಚ್ ಹೆಚ್ಚಿದಂತೆ ಕಾರ್ಬನ್-14 ನಿಧಾನವಾಗಿ ಇಳಿಯುತ್ತದೆ, ಟ್ರಿಟಿಯಂ ಕುಸಿಯುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಟ್ರಿಟಿಯಂಗೆಂದೇ ಇರುವುದು ಇದರಿಂದ.

ಹಾಗೆಯೇ, ತಿದ್ದುಪಡಿಯೇ ಬೇಡವಾದ ಸಂದರ್ಭವೂ ಉಂಟು. ಎಲ್ಲ ವಯಲ್‌ಗಳಲ್ಲೂ ಒಂದೇ ಬಫರ್, ಒಂದೇ ಪ್ರಮಾಣ, ಒಂದೇ ಕಾಕ್‌ಟೇಲ್ ಇದ್ದು, ನಿಮಗೆ ಬೇಕಾದದ್ದು ಒಂದಕ್ಕೊಂದರ ಅನುಪಾತ ಮಾತ್ರ ಆಗಿದ್ದರೆ ಸಿಪಿಎಂ ಸಾಕು. ಆದರೆ ಕ್ವೆಂಚ್ ಎಷ್ಟಿದೆ ಎಂದು ಯಂತ್ರ ಕೊಡುವ ಸಂಖ್ಯೆ, ಅಂದರೆ ಕ್ವೆಂಚ್ ಸೂಚ್ಯಂಕ, ಎಲ್ಲದರಲ್ಲೂ ಒಂದೇ ಸಮ ಇದೆಯೇ ಎಂದು ನೋಡಿಕೊಂಡ ಮೇಲೆ ಮಾತ್ರ ಹಾಗೆ ಬಿಡಿ.

ಬಾಹ್ಯ ಸ್ಟ್ಯಾಂಡರ್ಡ್: ದಿನನಿತ್ಯದ ಆಯ್ಕೆ

ನೂರಾರು ವಯಲ್ ಎಣಿಸುವವರು ಬಳಸುವುದು ಇದನ್ನೇ. ಯಂತ್ರದೊಳಗೆ ಒಂದು ಗಾಮಾ ಮೂಲ ಇರುತ್ತದೆ. ತಯಾರಿಕೆಗೆ ತಕ್ಕಂತೆ ಬೇರಿಯಂ-133, ಸೀಸಿಯಂ-137 ಅಥವಾ ಯುರೋಪಿಯಂ-152. ಪ್ರತಿ ವಯಲ್ ಬಂದಾಗ ಆ ಮೂಲ ವಯಲ್‌ನ ಪಕ್ಕಕ್ಕೋ ಕೆಳಕ್ಕೋ ಬಂದು ಕೆಲವು ಕ್ಷಣ ನಿಲ್ಲುತ್ತದೆ. ಗಾಮಾ ಕಿರಣ ಕಾಕ್‌ಟೇಲ್‌ನಲ್ಲಿ ಕಾಂಪ್ಟನ್ ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ. ಅವು ಬೀಟಾ ಕಣಗಳ ಹಾಗೆಯೇ ಬೆಳಕು ಕೊಡುತ್ತವೆ, ಕ್ವೆಂಚ್ ಇದ್ದರೆ ಅವುಗಳ ಸ್ಪೆಕ್ಟ್ರಮ್ ಕೂಡ ಕೆಳಗೆ ಜರುಗುತ್ತದೆ. ಆ ಜರುಗುವಿಕೆಯನ್ನು ಯಂತ್ರ ಒಂದು ಸಂಖ್ಯೆಯಾಗಿ ಕೊಡುತ್ತದೆ, ಅದೇ ಸೂಚ್ಯಂಕ. ತೆರೆಯ ಮೇಲೆ `tSIE` ಎಂದಿದ್ದರೆ ಕ್ವೆಂಚ್ ಇಲ್ಲದ ಸ್ಟ್ಯಾಂಡರ್ಡ್‌ಗೆ 1000, ಕ್ವೆಂಚ್ ಹೆಚ್ಚಿದಂತೆ ಸಂಖ್ಯೆ ಇಳಿಯುತ್ತದೆ. `SQP(E)` ಕೂಡ ಇಳಿಯುತ್ತದೆ. `H#` ಮಾತ್ರ ಉಲ್ಟಾ: ಕ್ವೆಂಚ್ ಹೆಚ್ಚಿದಷ್ಟೂ ಏರುತ್ತದೆ. ಒಂದು ಯಂತ್ರದ ರೇಖೆಯನ್ನು ಇನ್ನೊಂದಕ್ಕೆ ತೆಗೆದುಕೊಂಡು ಹೋಗುವಂತಿಲ್ಲ.

ಈ ಸಂಖ್ಯೆ ತಾನಾಗಿ ದಕ್ಷತೆಯಲ್ಲ. ಎರಡನ್ನೂ ಜೋಡಿಸಲು ರೇಖೆ ಬೇಕು. ಒಂದೇ ತಿಳಿದ ಡಿಪಿಎಂ ಇರುವ ಎಂಟು-ಹತ್ತು ವಯಲ್‌ಗಳಿಗೆ ಸೊನ್ನೆಯಿಂದ ಶುರುಮಾಡಿ ಹೆಚ್ಚುಹೆಚ್ಚು ನೈಟ್ರೋಮೀಥೇನ್ ಹಾಕಿ, ಪ್ರತಿಯೊಂದರ ಸೂಚ್ಯಂಕವನ್ನೂ ದಕ್ಷತೆಯನ್ನೂ ಅಳೆದು ಗುರುತು ಹಾಕುತ್ತಾರೆ. ಪ್ರತಿ ವಯಲ್‌ನಲ್ಲಿ ಕನಿಷ್ಠ 40,000 ಎಣಿಕೆ ಸೇರಲಿ. ಆಗ ಎರಡು ಸಿಗ್ಮಾ ಅನಿಶ್ಚಿತತೆ 1%ಕ್ಕೆ ಬರುತ್ತದೆ. ಟ್ರಿಟಿಯಂಗೆ ಒಂದು ರೇಖೆ, ಕಾರ್ಬನ್-14ಕ್ಕೆ ಇನ್ನೊಂದು. ಮುಚ್ಚಿದ ಸಿದ್ಧ ಸ್ಟ್ಯಾಂಡರ್ಡ್‌ಗಳ ಗುಚ್ಛ ಅನುಕೂಲವೇ, ಆದರೆ ನಾನು ಸಾಧ್ಯವಾದಾಗಲೆಲ್ಲ ನನ್ನದೇ ಕಾಕ್‌ಟೇಲ್‌ನಲ್ಲಿ, ನನ್ನದೇ ಬಗೆಯ ವಯಲ್‌ನಲ್ಲಿ ರೇಖೆ ತೆಗೆಯುತ್ತೇನೆ. ರೇಖೆಯ ಕೊನೆಯ ಬಿಂದುವಿನ ಆಚೆಗೆ ಬಿದ್ದ ಮಾದರಿಗೆ ಯಂತ್ರ ಕೊಡುವ ಡಿಪಿಎಂ ಅನ್ನು ನಂಬಬೇಡಿ.

ಈ ವಿಧಾನದ ಕುರುಡುತನ ಹೀಗಿದೆ. ಗಾಮಾ ಕಿರಣ ಇಡೀ ಕಾಕ್‌ಟೇಲ್‌ನಲ್ಲಿ ಎಲೆಕ್ಟ್ರಾನ್ ಎಬ್ಬಿಸುತ್ತದೆ. ನಿಮ್ಮ ಟ್ರಿಟಿಯಂ ಎಲ್ಲಿ ಕುಳಿತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮಾದರಿ ಕಾಕ್‌ಟೇಲ್‌ನಲ್ಲಿ ಪೂರ್ತಿ ಬೆರೆತಿದ್ದರೆ ತೊಂದರೆಯಿಲ್ಲ. ಬೆರೆಯದಿದ್ದರೆ, ಆಗುವುದನ್ನು ಒಂದು ಲೆಕ್ಕದಲ್ಲೇ ತೋರಿಸುತ್ತೇನೆ.

ಉಪ್ಪು ಜಾಸ್ತಿ ಇರುವ ಬಫರ್‌ನಲ್ಲಿ ಟ್ರಿಟಿಯಂ ಇದೆ. 5 ಮಿಲಿಲೀಟರ್ ಮಾದರಿಗೆ 15 ಮಿಲಿಲೀಟರ್ ಕಾಕ್‌ಟೇಲ್ ಹಾಕಲಾಗಿದೆ. ಹಿನ್ನೆಲೆ ಕಳೆದ ಎಣಿಕೆ 2,400 ಸಿಪಿಎಂ. ಸೂಚ್ಯಂಕ 330, ಆ ಜಾಗದಲ್ಲಿ ರೇಖೆ ಹೇಳುವ ದಕ್ಷತೆ 30%. ಭಾಗಿಸಿದರೆ 8,000 ಡಿಪಿಎಂ. ನೋಡಲು ಎಲ್ಲವೂ ಸರಿಯಿದೆ. ಈಗ ಅದೇ ವಯಲ್‌ಗೆ 80,000 ಡಿಪಿಎಂ ಇರುವ ಟ್ರಿಟಿಯಂ ನೀರನ್ನು 100 ಮೈಕ್ರೋಲೀಟರ್‌ನಷ್ಟು ಸೇರಿಸಿ, ಚೆನ್ನಾಗಿ ಕಲಕಿ ಮತ್ತೆ ಎಣಿಸಿದಾಗ 18,400 ಸಿಪಿಎಂ ಬರುತ್ತದೆ. ಹೆಚ್ಚಾದದ್ದು 16,000. ಅಂದರೆ ಈ ವಯಲ್‌ನಲ್ಲಿ ನಿಜವಾದ ದಕ್ಷತೆ 20%, ಮಾದರಿಯಲ್ಲಿ ಇರುವುದು 12,000 ಡಿಪಿಎಂ. ರೇಖೆ ಮೂರನೇ ಒಂದು ಭಾಗವನ್ನೇ ಕಳೆದುಬಿಟ್ಟಿತ್ತು.

ಕಾರಣ, ಉಪ್ಪಿನಿಂದಾಗಿ ನೀರು ಕಾಕ್‌ಟೇಲ್‌ನಿಂದ ಬೇರ್ಪಟ್ಟು ಸಣ್ಣ ಹನಿಗಳಾಗಿ ನಿಂತಿತ್ತು. ಟ್ರಿಟಿಯಂನ ಬೀಟಾ ಕಣ ನೀರಿನಲ್ಲಿ ಹೋಗಬಲ್ಲ ದೂರ ಹೆಚ್ಚೆಂದರೆ ಸುಮಾರು 6 ಮೈಕ್ರೋಮೀಟರ್. ಹನಿಯೊಳಗೆ ಹುಟ್ಟಿದ ಕಣ ಹನಿಯಲ್ಲೇ ಮುಗಿದುಹೋಗುತ್ತದೆ, ಫ್ಲೋರ್ ಅನ್ನು ತಲುಪುವುದೇ ಇಲ್ಲ. ಗಾಮಾದ ಎಲೆಕ್ಟ್ರಾನ್‌ಗಳಿಗೆ ಈ ಹನಿಗಳ ಗೊಡವೆಯಿಲ್ಲ. ಖಚಿತಪಡಿಸಿಕೊಳ್ಳಲು ಇನ್ನೊಂದು ಸುಲಭದ ಪರೀಕ್ಷೆಯಿದೆ: ಅದೇ ಮಾದರಿಯಿಂದ 1 ಮಿಲಿಲೀಟರ್ ಮಾತ್ರ ತೆಗೆದು ಹೊಸ ವಯಲ್ ಮಾಡಿ. ಅದರ ಎಣಿಕೆ 840 ಸಿಪಿಎಂ, ರೇಖೆಯ ದಕ್ಷತೆ 35%, ಅಂದರೆ 2,400 ಡಿಪಿಎಂ. ಐದರಿಂದ ಗುಣಿಸಿದರೆ 12,000. ಎರಡು ಬೇರೆ ಬೇರೆ ಪ್ರಮಾಣದಲ್ಲಿ ಮಿಲಿಲೀಟರಿಗೆ ಒಂದೇ ಡಿಪಿಎಂ ಬಾರದಿದ್ದರೆ ದೊಡ್ಡ ಪ್ರಮಾಣದ ವಯಲ್ ಬೇರ್ಪಟ್ಟಿದೆಯೇ ಎಂದು ಮೊದಲು ಶಂಕಿಸಿ. ಕಣ್ಣಿಗೆ ಅದು ಮಸುಕಾಗಿಯೋ ಎರಡು ಪದರವಾಗಿಯೋ ಕಾಣಬಹುದು. ಎಣಿಸುವ ಯಂತ್ರ ತಂಪಾಗಿದ್ದರೆ ಮೇಜಿನ ಮೇಲೆ ತಿಳಿಯಾಗಿದ್ದದ್ದು ಒಳಗೆ ಹೋದ ಮೇಲೆ ಬೇರ್ಪಡುವುದೂ ಉಂಟು, ಆದ್ದರಿಂದ ವಯಲ್ ಹೊರಬಂದ ಕೂಡಲೇ ಇನ್ನೊಮ್ಮೆ ನೋಡಿ.

ಎರಡನೆಯ ತೊಡಕು ಬಣ್ಣ. ರಾಸಾಯನಿಕ ಕ್ವೆಂಚ್‌ನಲ್ಲಿ ಪ್ರತಿ ಮಿಂಚೂ ಒಂದೇ ಪ್ರಮಾಣದಲ್ಲಿ ಮಂಕಾಗುತ್ತದೆ. ಬಣ್ಣದ ದ್ರವದಲ್ಲಿ ಹಾಗಲ್ಲ. ಒಂದು ಕೊಳವೆಯ ಹತ್ತಿರ ಹುಟ್ಟಿದ ಬೆಳಕು ಆ ಕೊಳವೆಗೆ ಚೆನ್ನಾಗಿ ಕಾಣುತ್ತದೆ, ಎದುರಿನ ಕೊಳವೆಗೆ ಹೋಗುವಷ್ಟರಲ್ಲಿ ಬಸವಳಿದಿರುತ್ತದೆ. ಹಾಗಾಗಿ ಸೂಚ್ಯಂಕ ಒಂದೇ ಇದ್ದರೂ ಬಣ್ಣದ ವಯಲ್‌ನ ದಕ್ಷತೆ ನೈಟ್ರೋಮೀಥೇನ್ ವಯಲ್‌ನ ದಕ್ಷತೆಗೆ ಸಮನಲ್ಲ. ತೆಳುವಾದ ಬಣ್ಣಕ್ಕೆ ಎರಡೂ ರೇಖೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ, ಗಾಢವಾದಂತೆ ಅಗಲುತ್ತವೆ. ಗಾಢ ಬಣ್ಣದ ಮಾದರಿಗಳೇ ಹೆಚ್ಚಿದ್ದರೆ, ಟ್ರಿಟಿಯಂ ಇಲ್ಲದ ಅದೇ ವಸ್ತುವನ್ನು ಕ್ವೆಂಚರ್ ಆಗಿ ಬಳಸಿ ಪ್ರತ್ಯೇಕ ರೇಖೆ ತೆಗೆಯಿರಿ.

ಆಂತರಿಕ ಸ್ಟ್ಯಾಂಡರ್ಡ್: ನಿಧಾನ, ಆದರೆ ಮೇಲ್ಮನವಿ ಇಲ್ಲಿಗೇ

ಮೇಲಿನ ಲೆಕ್ಕದಲ್ಲಿ ತಪ್ಪು ಹಿಡಿದದ್ದು ಈ ವಿಧಾನ. ಸೂತ್ರ ಇಷ್ಟೇ:

```
E = (C2 - C1) / D
```

`C1` ಮೊದಲ ಎಣಿಕೆ, `C2` ಸ್ಟ್ಯಾಂಡರ್ಡ್ ಸೇರಿಸಿದ ಮೇಲಿನದು, `D` ಸೇರಿಸಿದ ಡಿಪಿಎಂ. ರೇಖೆ ಬೇಡ, ಸೂಚ್ಯಂಕ ಬೇಡ, ಬಣ್ಣವೋ ರಾಸಾಯನಿಕವೋ ಎಂಬ ಚಿಂತೆಯೂ ಬೇಡ, ಏಕೆಂದರೆ ಅದೇ ವಯಲ್‌ನಲ್ಲಿ ಅದೇ ನ್ಯೂಕ್ಲೈಡ್ ಅನುಭವಿಸುವ ದಕ್ಷತೆಯನ್ನೇ ನೇರವಾಗಿ ಅಳೆಯುತ್ತೀರಿ. ಬದಲಿಗೆ ತೆರಬೇಕಾದ ಬೆಲೆ: ಪ್ರತಿ ವಯಲ್ ಎರಡು ಸಲ ಎಣಿಕೆಯಾಗಬೇಕು, ಒಮ್ಮೆ ಸೇರಿಸಿದ ಮೇಲೆ ಆ ಮಾದರಿ ಮತ್ತೆ ಸಿಗುವುದಿಲ್ಲ, ಮತ್ತು ಪಿಪೆಟ್‌ನ ತಪ್ಪು ನೇರವಾಗಿ ಉತ್ತರಕ್ಕೆ ಇಳಿಯುತ್ತದೆ. ಪಿಪೆಟ್ 3% ಕಡಿಮೆ ಬಿಟ್ಟರೆ ದಕ್ಷತೆಯೂ 3% ಕಡಿಮೆ ಬರುತ್ತದೆ, ಡಿಪಿಎಂ ಅಷ್ಟೇ ಹೆಚ್ಚಾಗಿ ಕಾಣುತ್ತದೆ. ಸೇರಿಸಿದ್ದನ್ನು ತೂಕ ಮಾಡಿ ನೋಡುವುದೇ ಮೇಲು.

ಸೇರಿಸುವ ಡಿಪಿಎಂ ಮಾದರಿಯಲ್ಲಿರುವುದರ ಹಲವು ಪಟ್ಟು ಇರಲಿ. ಇಲ್ಲದಿದ್ದರೆ ಎರಡು ಹತ್ತಿರದ ಸಂಖ್ಯೆಗಳನ್ನು ಕಳೆದಾಗ ಅನಿಶ್ಚಿತತೆ ಉಬ್ಬುತ್ತದೆ. ಪ್ರಮಾಣ ಚಿಕ್ಕದಿರಲಿ, ಸೇರಿಸಿದ್ದೇ ಕ್ವೆಂಚ್ ತರಬಾರದು. ಎಲ್ಲಕ್ಕಿಂತ ಮುಖ್ಯ, ಸ್ಟ್ಯಾಂಡರ್ಡ್‌ನ ರಾಸಾಯನಿಕ ರೂಪ ಮಾದರಿಯದಕ್ಕೆ ಹೊಂದಬೇಕು. ಮೇಲಿನ ಉಪ್ಪುನೀರಿನ ವಯಲ್‌ಗೆ ಟ್ರಿಟಿಯಂ ನೀರಿನ ಬದಲು ಟ್ರಿಟಿಯಂ ಟೊಲ್ಯುಯೀನ್ ಹಾಕಿದ್ದರೆ, ಅದು ಹನಿಗಳಿಗೆ ಹೋಗದೆ ಕಾಕ್‌ಟೇಲ್‌ನಲ್ಲೇ ಉಳಿದು ರೇಖೆ ಹೇಳಿದ 30%ರ ಆಸುಪಾಸನ್ನೇ ತೋರಿಸುತ್ತಿತ್ತು. ತಪ್ಪು ಹಾಗೆಯೇ ಬಚ್ಚಿಟ್ಟುಕೊಳ್ಳುತ್ತಿತ್ತು, ಅದೂ ಎರಡು ವಿಧಾನಗಳ ಸಾಕ್ಷಿಯ ಸಮೇತ.

ಎಲ್ಲ ವಯಲ್‌ಗೂ ಇದನ್ನು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಹೊಸ ಬಗೆಯ ಮಾದರಿ ಬಂದಾಗ ಮೂರು-ನಾಲ್ಕು ವಯಲ್‌ಗಳಿಗೆ ಮಾಡಿ, ಬಾಹ್ಯ ಸ್ಟ್ಯಾಂಡರ್ಡ್‌ನ ಉತ್ತರಕ್ಕೆ ತಾಳೆ ನೋಡಿ. ಹೊಂದಿದರೆ ಉಳಿದ ಇನ್ನೂರನ್ನು ರೇಖೆಗೆ ಬಿಡಿ.

ಇದಕ್ಕೂ ದಕ್ಕದ ಒಂದು ಜಾತಿಯ ಮಾದರಿಯಿದೆ: ಫಿಲ್ಟರ್ ಕಾಗದಕ್ಕೋ ಪ್ರೆಸಿಪಿಟೇಟ್‌ಗೋ ಅಂಟಿಕೊಂಡ ಟ್ರಿಟಿಯಂ. ನೀವು ಸೇರಿಸಿದ ಸ್ಟ್ಯಾಂಡರ್ಡ್ ದ್ರವದಲ್ಲಿ ಸುಖವಾಗಿ ತೇಲುತ್ತಿರುತ್ತದೆ, ಮಾದರಿಯ ಕಣಗಳು ನಾರಿನೊಳಗೇ ಸಾಯುತ್ತಿರುತ್ತವೆ. ಇದನ್ನು ಯಾವ ತಿದ್ದುಪಡಿಯೂ ಸರಿಮಾಡದು. ಕರಗಿಸಿ, ಇಲ್ಲವೇ ಮಾದರಿಯನ್ನು ಉರಿಸಿ ಟ್ರಿಟಿಯಂ ಅನ್ನು ನೀರಾಗಿ ಹಿಡಿಯಿರಿ. ಕಾರ್ಬನ್-14ರ ಕಣ ಹತ್ತಾರು ಪಟ್ಟು ದೂರ ಹೋಗುವುದರಿಂದ ತೆಳು ಫಿಲ್ಟರ್‌ನಲ್ಲಿ ಅದಕ್ಕೆ ಇಷ್ಟು ಕಷ್ಟವಿಲ್ಲ.

ಚಾನೆಲ್ ಅನುಪಾತ

ಇದು ಹಳೆಯ ವಿಧಾನ. ಮಾದರಿಯ ಸ್ವಂತ ಸ್ಪೆಕ್ಟ್ರಮ್ ಅನ್ನು ಎರಡು ಕಿಟಕಿಗಳಲ್ಲಿ, ಅಂದರೆ ಶಕ್ತಿಯ ಎರಡು ವ್ಯಾಪ್ತಿಗಳಲ್ಲಿ ಎಣಿಸಿ, ಅವುಗಳ ಅನುಪಾತದಿಂದ ಕ್ವೆಂಚ್ ಊಹಿಸುವುದು. ಗಾಮಾ ಮೂಲವಿಲ್ಲದ ಯಂತ್ರಕ್ಕೆ, ಸಾವಿರಾರು ಸಿಪಿಎಂ ಇರುವ ಕಾರ್ಬನ್-14ಕ್ಕೆ ಚೆನ್ನಾಗಿ ಒದಗುತ್ತದೆ. ಎಣಿಕೆ ಕಡಿಮೆಯಿದ್ದರೆ ಅನುಪಾತವೇ ಅಲುಗಾಡುತ್ತದೆ. ಟ್ರಿಟಿಯಂನ ಇಕ್ಕಟ್ಟಾದ ಸ್ಪೆಕ್ಟ್ರಮ್ ಗಾಢ ಕ್ವೆಂಚ್‌ನಲ್ಲಿ ಮೇಲಿನ ಕಿಟಕಿಯನ್ನು ಖಾಲಿಮಾಡಿಬಿಡುತ್ತದೆ. ಬೇರೆ ದಾರಿ ಇರುವಾಗ ನಾನು ಟ್ರಿಟಿಯಂಗೆ ಇದನ್ನು ಆರಿಸುವುದಿಲ್ಲ.

ಮೂರು ಕೊಳವೆಯ ಟಿಡಿಸಿಆರ್

ಇಲ್ಲಿ ವಯಲ್‌ನ ಸುತ್ತ ಎರಡರ ಬದಲು ಮೂರು ಕೊಳವೆಗಳಿವೆ. ಮೂರೂ ಒಟ್ಟಿಗೆ ಕಂಡ ಮಿಂಚುಗಳನ್ನು ಕನಿಷ್ಠ ಎರಡು ಕೊಳವೆ ಕಂಡ ಮಿಂಚುಗಳಿಂದ ಭಾಗಿಸುತ್ತಾರೆ, ಬರುವ ಅನುಪಾತವೇ ಟಿಡಿಸಿಆರ್. ಬೆಳಕು ಧಾರಾಳವಾಗಿದ್ದರೆ ಈ ಅನುಪಾತ ಒಂದರ ಹತ್ತಿರ. ಬೆಳಕು ಕುಗ್ಗಿದಂತೆ ಮೂರನೆಯ ಕೊಳವೆ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಅನುಪಾತ ಇಳಿಯುತ್ತದೆ. ಬೀಟಾ ಸ್ಪೆಕ್ಟ್ರಮ್‌ನ ಆಕಾರ ತಿಳಿದಿರುವುದರಿಂದ ಈ ಅನುಪಾತದಿಂದ ದಕ್ಷತೆಯನ್ನು ಲೆಕ್ಕಹಾಕಬಹುದು. ಕ್ವೆಂಚ್ ಸ್ಟ್ಯಾಂಡರ್ಡ್‌ಗಳ ಗುಚ್ಛ ಬೇಡ, ಗಾಮಾ ಮೂಲ ಬೇಡ, ಮಾದರಿಯೂ ಹಾಳಾಗದು. ಅಳತೆಶಾಸ್ತ್ರದ ಪ್ರಯೋಗಾಲಯಗಳು ಸ್ಟ್ಯಾಂಡರ್ಡ್‌ಗಳನ್ನು ನಿಗದಿಪಡಿಸಲು ಬಳಸುವ ವಿಧಾನವಿದು; ದಿನನಿತ್ಯದ ಯಂತ್ರಗಳಿಗೆ ಆಮೇಲೆ ಬಂತು.

ದಿನಕ್ಕೊಂದು ಬಗೆಯ ಮಾದರಿ ಬರುವ, ಪ್ರತಿಯೊಂದಕ್ಕೂ ರೇಖೆ ತೆಗೆಯಲಾಗದ ಕಡೆ ಇದೇ ನನ್ನ ಮೊದಲ ಆಯ್ಕೆ. ಆದರೆ ಇದು ನೋಡುವುದು ಬೆಳಕು ಕೊಟ್ಟ ವಿಘಟನೆಗಳನ್ನು ಮಾತ್ರ. ನೀರಿನ ಹನಿಯೊಳಗೆ ಬೆಳಕಿಲ್ಲದೆ ಮುಗಿದುಹೋದದ್ದು ಇದಕ್ಕೂ ಕಾಣದು. ಎಣಿಕೆ ತೀರಾ ಕಡಿಮೆಯಿದ್ದರೆ ಮೂರೂ ಕೊಳವೆ ಒಟ್ಟಿಗೆ ಕಂಡ ಮಿಂಚುಗಳು ಬೆರಳೆಣಿಕೆಗೆ ಇಳಿದು ಅನುಪಾತವೇ ಅನಿಶ್ಚಿತವಾಗುತ್ತದೆ.

ಕ್ವೆಂಚ್ ಅಲ್ಲದ, ಆದರೆ ಎಲ್ಲ ವಿಧಾನಗಳನ್ನೂ ದಾರಿತಪ್ಪಿಸುವ ಇನ್ನೊಂದು ವಿಷಯ ಇಲ್ಲೇ ಹೇಳಬೇಕು: ರಾಸಾಯನಿಕ ಬೆಳಕು, ಕೆಮಿಲ್ಯುಮಿನೆಸೆನ್ಸ್. ಕ್ಷಾರದಲ್ಲಿ ಕರಗಿಸಿದ ಅಂಗಾಂಶ, ಬಣ್ಣ ತೆಗೆಯಲು ಪೆರಾಕ್ಸೈಡ್ ಹಾಕಿದ ಮಾದರಿ, ಇವು ತಾವೇ ಬಿಡಿಬಿಡಿ ಫೋಟಾನ್‌ಗಳನ್ನು ಉಗುಳುತ್ತವೆ. ಒಂದೊಂದಾಗಿ ಬರುವ ಫೋಟಾನ್ ಎರಡು ಕೊಳವೆಯಲ್ಲಿ ಕಾಣಬಾರದು ನಿಜ, ಆದರೆ ತುಂಬಾ ಇದ್ದರೆ ಆಕಸ್ಮಿಕವಾಗಿ ಎರಡು ಒಟ್ಟಿಗೆ ಬೀಳುತ್ತವೆ. ಪ್ರತಿ ಕೊಳವೆಯಲ್ಲಿ ಸೆಕೆಂಡಿಗೆ 50,000 ಒಂಟಿ ಮಿಂಚು, ಕೊಳವೆಗಳು ಜೊತೆಗೂಡಿಸುವ ಅವಧಿ 20 ನ್ಯಾನೋಸೆಕೆಂಡ್ ಎಂದಿಟ್ಟುಕೊಂಡರೆ:

```
2 x 20e-9 x 50000 x 50000 = 100 / s = 6000 / min
```

ಮಾದರಿಯಲ್ಲಿ ಒಂದೂ ಟ್ರಿಟಿಯಂ ಪರಮಾಣು ಇಲ್ಲದಿದ್ದರೂ 6,000 ಸಿಪಿಎಂ! ಇವೆಲ್ಲ ಟ್ರಿಟಿಯಂನ ಕಿಟಕಿಯ ಕೆಳತುದಿಯಲ್ಲೇ ಬೀಳುತ್ತವೆ. ಪತ್ತೆ ಮಾಡುವುದು ಸುಲಭ: ವಯಲ್ ಅನ್ನು ಕತ್ತಲಲ್ಲಿಟ್ಟು ಕೆಲವು ಗಂಟೆಗಳ ನಂತರ ಮತ್ತೆ ಎಣಿಸಿ. ಒಂಟಿ ಮಿಂಚುಗಳು ಅರ್ಧವಾದರೆ ಸುಳ್ಳು ಎಣಿಕೆ ಕಾಲು ಭಾಗಕ್ಕೆ, ಅಂದರೆ 1,500ಕ್ಕೆ ಇಳಿಯುತ್ತದೆ. 12.32 ವರ್ಷ ಅರ್ಧಾಯುಷ್ಯದ ಟ್ರಿಟಿಯಂ ಒಂದು ರಾತ್ರಿಯಲ್ಲಿ ಹಾಗೆ ಇಳಿಯದು. ಎಣಿಕೆ ಇಳಿಯುವುದು ನಿಲ್ಲುವವರೆಗೆ ದಕ್ಷತೆಯ ಮಾತೇ ಬೇಡ, ಏಕೆಂದರೆ ಇಲ್ಲಿ ತಪ್ಪಿರುವುದು ಭಾಜ್ಯವೇ ಹೊರತು ಭಾಜಕವಲ್ಲ.

ಎರಡೂ ಒಂದೇ ವಯಲ್‌ನಲ್ಲಿದ್ದರೆ

ಟ್ರಿಟಿಯಂ ಮತ್ತು ಕಾರ್ಬನ್-14 ಒಟ್ಟಿಗಿದ್ದಾಗ ಎರಡು ಕಿಟಕಿ ಇಡುತ್ತಾರೆ: ಕೆಳಗಿನದು 0–12 ಕೆಇವಿ, ಮೇಲಿನದು 12–156 ಎನ್ನೋಣ. ಮೇಲಿನದರಲ್ಲಿ ಟ್ರಿಟಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಕೆಳಗಿನದಕ್ಕೆ ಕಾರ್ಬನ್-14 ಚೆಲ್ಲುತ್ತದೆ. ಕ್ವೆಂಚ್ ಹೆಚ್ಚಿದಂತೆ ಚೆಲ್ಲುವುದೂ ಹೆಚ್ಚುತ್ತದೆ.

ಒಂದು ವಯಲ್‌ನಲ್ಲಿ ಹಿನ್ನೆಲೆ ಕಳೆದು ಕೆಳಗೆ 6,250, ಮೇಲೆ 3,100 ಸಿಪಿಎಂ ಇದೆ. ಅದರ ಕ್ವೆಂಚ್ ಮಟ್ಟದಲ್ಲಿ ಕಾರ್ಬನ್-14ರ ದಕ್ಷತೆ ಮೇಲೆ 62%, ಕೆಳಗೆ 27%. ಟ್ರಿಟಿಯಂದು ಕೆಳಗೆ 35%. ಕಾರ್ಬನ್-14 ಮೊದಲು: 3,100ನ್ನು 0.62ರಿಂದ ಭಾಗಿಸಿದರೆ 5,000 ಡಿಪಿಎಂ. ಅದು ಕೆಳಕ್ಕೆ ಚೆಲ್ಲಿದ್ದು 1,350. ಉಳಿದ 4,900 ಟ್ರಿಟಿಯಂನದು, ಭಾಗಿಸಿದರೆ 14,000 ಡಿಪಿಎಂ. ಇದೇ ವಯಲ್‌ಗೆ ಕ್ವೆಂಚ್ ಇಲ್ಲದ ಸ್ಟ್ಯಾಂಡರ್ಡ್‌ನ ಸಂಖ್ಯೆಗಳನ್ನು (82%, 13%, 60% ಎನ್ನಿ) ಬಳಸಿದ್ದರೆ ಕಾರ್ಬನ್-14 ಸುಮಾರು 3,800ಕ್ಕೂ ಟ್ರಿಟಿಯಂ ಸುಮಾರು 9,600ಕ್ಕೂ ಇಳಿಯುತ್ತಿತ್ತು.

ಇಲ್ಲಿ ಬಾಹ್ಯ ಸ್ಟ್ಯಾಂಡರ್ಡ್‌ಗೇ ಮೇಲುಗೈ, ಏಕೆಂದರೆ ಅದರ ಸೂಚ್ಯಂಕ ಎರಡು ನ್ಯೂಕ್ಲೈಡ್‌ಗಳ ಪ್ರಮಾಣವನ್ನು ಅವಲಂಬಿಸಿಲ್ಲ. ಚಾನೆಲ್ ಅನುಪಾತವೂ ಟಿಡಿಸಿಆರ್ ಅನುಪಾತವೂ ಮಾದರಿಯ ಸ್ವಂತ ಮಿಂಚುಗಳಿಂದ ಬರುವುದರಿಂದ, ಮಿಶ್ರಣ ಬದಲಾದರೆ ಕ್ವೆಂಚ್ ಬದಲಾಗದೆಯೂ ಅವು ಬದಲಾಗುತ್ತವೆ. ಆದರೆ ಕಾರ್ಬನ್-14 ಟ್ರಿಟಿಯಂಗಿಂತ ಹಲವು ಪಟ್ಟು ಇದ್ದರೆ ಬಾಹ್ಯ ಸ್ಟ್ಯಾಂಡರ್ಡ್ ಕೂಡ ಕಾಪಾಡದು: ಕೆಳಗಿನ ಕಿಟಕಿಯ ಬಹುಪಾಲು ಚೆಲ್ಲಿದ ಎಣಿಕೆಯೇ ಆಗಿ, 27% ಎಂದದ್ದು 28% ಆದರೂ ಟ್ರಿಟಿಯಂನ ಉತ್ತರ ತಲೆಕೆಳಗಾಗುತ್ತದೆ. ಪ್ರಯೋಗ ಯೋಜಿಸುವಾಗಲೇ ಟ್ರಿಟಿಯಂ ಹೆಚ್ಚಿರುವಂತೆ ನೋಡಿಕೊಳ್ಳಿ. ಅದಾಗದಿದ್ದರೆ ಮಾದರಿಯನ್ನು ಉರಿಸಿ, ಟ್ರಿಟಿಯಂ ಅನ್ನು ನೀರಾಗಿ ಒಂದು ವಯಲ್‌ಗೂ ಕಾರ್ಬನ್-14 ಅನ್ನು ಇಂಗಾಲದ ಡೈಆಕ್ಸೈಡ್ ಆಗಿ ಅಮೈನ್‌ನಲ್ಲಿ ಹಿಡಿದು ಇನ್ನೊಂದಕ್ಕೂ ಬೇರ್ಪಡಿಸಿ.

ಯಾವ ವಿಧಾನ ಆರಿಸಿದರೂ ಸ್ಟ್ಯಾಂಡರ್ಡ್‌ನ ಮೇಲಿನ ದಿನಾಂಕ ಓದಿ. ಕಾರ್ಬನ್-14ಕ್ಕೆ ಅದರಿಂದ ವ್ಯತ್ಯಾಸವಿಲ್ಲ. ಟ್ರಿಟಿಯಂ ಮಾತ್ರ ವರ್ಷಕ್ಕೆ ಸುಮಾರು 5.5% ಕರಗುತ್ತದೆ: ಐದು ವರ್ಷದ ಹಿಂದೆ 2,00,000 ಡಿಪಿಎಂ ಇದ್ದ ವಯಲ್‌ನಲ್ಲಿ ಈಗ ಉಳಿದಿರುವುದು ಸುಮಾರು 1,51,000. ಹಳೆಯ ಸಂಖ್ಯೆಯನ್ನೇ ಯಂತ್ರಕ್ಕೆ ಕೊಟ್ಟರೆ ರೇಖೆಯ ಪ್ರತಿ ಬಿಂದುವೂ ಕಾಲು ಭಾಗ ಕೆಳಗೆ ಕೂರುತ್ತದೆ, ಆಕಾರ ಮಾತ್ರ ಕೊಂಚವೂ ಕೆಡುವುದಿಲ್ಲ. ರೇಖೆಯನ್ನು ನೋಡಿ ಈ ತಪ್ಪು ಹಿಡಿಯಲು ಸಾಧ್ಯವಿಲ್ಲ. ಕ್ವೆಂಚ್ ಇಲ್ಲದ ವಯಲ್‌ಗೆ 60%ರ ಬದಲು 45% ಬಂದಾಗಲೇ ಅದು ಕಣ್ಣಿಗೆ ಬೀಳುವುದು.